ನಿಧನದ ಸುದ್ದಿ ಕಳಿಸುವ ಮೊದಲು: ಕರಡು ನೋಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಹಳ ವರ್ಷ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡಿದ್ದೇನೆ. ನಿಧನ ವಾರ್ತೆಯ ಕಾಲಂ ಜಾಸ್ತಿ ದಿನ ನನ್ನ ಕೈಯಲ್ಲೇ ಇತ್ತು. ಈಗಲೂ ಪರಿಚಯದವರ ಮನೆಯಲ್ಲಿ ಸಾವಾದರೆ ಫೋನಿಗೆ ಒಂದು ಕರಡು ಬರುತ್ತದೆ. ಜೊತೆಗೆ ಒಂದೇ ಸಾಲು: "ಸ್ವಲ್ಪ ನೋಡಿಕೊಡಿ, ಕಳಿಸಬೇಕು." ಬರೆದವರು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನಿಂತು ಬಂದಿರುತ್ತಾರೆ. ತಪ್ಪಾಗುವುದು ಸಹಜ. ಆದರೆ ಆ ತಪ್ಪಿನಿಂದ ಯಾರೋ ಕೊನೆಯ ಸಲ ಮುಖ ನೋಡುವುದು ತಪ್ಪಿಹೋಗುತ್ತದೆ. ಅದಕ್ಕೇ ಈ ಪುಟ ಬರೆದಿದ್ದೇನೆ.

ಉತ್ತರಗಳ ಉದ್ದಕ್ಕೂ ಒಂದೇ ಕರಡನ್ನು ಇಟ್ಟುಕೊಂಡು ಹೋಗುತ್ತೇನೆ. ಮನೆಯವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹೆಸರಿನ ಜಾಗದಲ್ಲಿ ಚುಕ್ಕೆ ಇಟ್ಟಿದ್ದೇನೆ. ಬೆಳಿಗ್ಗೆ ನಾಲ್ಕು ಗಂಟೆಗೆ ಬಂದ ಕರಡು ಹೀಗಿತ್ತು:

> ನಮ್ಮ ಪ್ರೀತಿಯ ತಾಯಿ ಸೌ. ……… (84) ಇವರು ನಿನ್ನೆ ರಾತ್ರಿ ಹೃದಯಾಘಾತದಿಂದ ಅಕಾಲಿಕ ಮರಣ ಹೊಂದಿರುತ್ತಾರೆ. 40 ವರ್ಷ ಶಿಕ್ಷಕಿಯಾಗಿ ಸೇವೆ ಸಲ್ಲಿಸಿದ್ದು, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿರುತ್ತಾರೆ. ಅಂತ್ಯಕ್ರಿಯೆಯು ಇಂದು ಮಧ್ಯಾಹ್ನ ಸ್ವಗ್ರಾಮದಲ್ಲಿ ನಡೆಯಲಿದ್ದು, ತಾವೆಲ್ಲರೂ ಸಕುಟುಂಬ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ.

ಓದಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಇದರಲ್ಲಿ ಕಡಿಮೆ ಅಂದರೂ ಎಂಟು ತೊಂದರೆಗಳಿದ್ದವು.

ಕರಡು ಕೈಗೆ ಬಂದಾಗ ಮೊದಲು ಏನು ನೋಡಬೇಕು?

ಭಾಷೆಗೆ ಮೊದಲೇ ಕೈ ಹಾಕಬೇಡಿ. ಮೊದಲ ಓದು ಅಂತ್ಯಕ್ರಿಯೆಗೆ ಹೊರಡುವವರ ಕಣ್ಣಿನಿಂದ ಆಗಬೇಕು. ಹಾಸನದಲ್ಲಿರುವ ಒಬ್ಬ ಹಳೆಯ ಸಹೋದ್ಯೋಗಿಗೆ ಈ ಮೆಸೇಜು ಬಂತು ಅಂದುಕೊಳ್ಳಿ. ಅವರ ಹತ್ತಿರ ನಿಮ್ಮ ಮನೆಯವರ ನಂಬರ್ ಇಲ್ಲ, ನಿಮ್ಮ ಊರು ಗೊತ್ತಿಲ್ಲ. ಇದನ್ನಷ್ಟೇ ನೋಡಿ ಅವರು ಬಸ್ಸು ಹತ್ತಿ, ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಬಂದು ಸೇರಬಹುದಾ? ಮೇಲಿನ ಕರಡಿನಲ್ಲಿ ಊರಿನ ಹೆಸರಿಲ್ಲ, ಗಂಟೆ ಇಲ್ಲ, ತಾರೀಖಿಲ್ಲ, ಫೋನ್ ನಂಬರಿಲ್ಲ.

ಎರಡನೇ ಓದು ಸಂಗತಿಗಳಿಗೆ. ಪ್ರತಿ ಹೆಸರು, ಪ್ರತಿ ಸಂಖ್ಯೆಯ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತು?" ಎಂದು ಕೇಳಬೇಕು. ಮೂರನೇ ಓದು ಮಾತಿನ ಧಾಟಿಗೆ. ಈ ಕ್ರಮಕ್ಕೊಂದು ಕಾರಣವಿದೆ. ಮಾತು ಸ್ವಲ್ಪ ಒರಟಾಗಿದ್ದರೂ ಜನ ಕ್ಷಮಿಸುತ್ತಾರೆ. ಜಾಗ ತಪ್ಪಾಗಿದ್ದರೆ ಬಂದವರು ಬೀಗ ಹಾಕಿದ ಮನೆಯ ಮುಂದೆ ನಿಲ್ಲುತ್ತಾರೆ.

"ಇಂದು", "ನಿನ್ನೆ ರಾತ್ರಿ" ಅಂತ ಬರೆದರೆ ಏನು ತಪ್ಪು?

ಮೆಸೇಜು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ "ಇಂದು" ಮುಗಿದಿರುತ್ತದೆ. ಮಂಗಳವಾರ ಬೆಳಿಗ್ಗೆ ಬರೆದದ್ದನ್ನು ಯಾರೋ ಬುಧವಾರ ಬೆಳಿಗ್ಗೆ ಫಾರ್ವರ್ಡ್ ಮಾಡುತ್ತಾರೆ. ಓದಿದವರು ಬುಧವಾರ ಮಧ್ಯಾಹ್ನ ಹೊರಡುತ್ತಾರೆ. ಪತ್ರಿಕೆಗೆ ಕೊಡುವಾಗಲೂ ಹಾಗೇ. ಮಂಗಳವಾರ ಸಂಜೆ ಕೊಟ್ಟದ್ದು ಬುಧವಾರ ಓದುಗರ ಕೈ ಸೇರುತ್ತದೆ. ಅಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿದ್ದರೆ "ನಡೆಯಲಿದೆ" ಅನ್ನುವುದು "ನಡೆಯಿತು" ಆಗಬೇಕು. ತಾರೀಖು ಮತ್ತು ವಾರ ಎರಡನ್ನೂ ಬರೆಯಿರಿ. ಒಂದು ತಪ್ಪಾದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. ಮಂಗಳವಾರ ಬಿದ್ದಿರುವ ತಾರೀಖಿಗೆ "2025ರ ನವೆಂಬರ್ 11, ಬುಧವಾರ" ಅಂತ ಇದ್ದರೆ ಕ್ಯಾಲೆಂಡರ್ ನೋಡಿದವರು ತಕ್ಷಣ ಫೋನ್ ಮಾಡಿ ಕೇಳುತ್ತಾರೆ.

"ನಿನ್ನೆ ರಾತ್ರಿ"ಯಲ್ಲಿ ಇನ್ನೂ ಒಂದು ಗೊಂದಲವಿದೆ. ಈ ತಾಯಿ ತೀರಿಕೊಂಡದ್ದು 2025ರ ನವೆಂಬರ್ 11, ರಾತ್ರಿ ಒಂದು ಗಂಟೆ ನಲವತ್ತು ನಿಮಿಷಕ್ಕೆ. ಮಗನ ಮನಸ್ಸಿನಲ್ಲಿ ಅದು ಸೋಮವಾರ ರಾತ್ರಿಯೇ, ಯಾಕೆಂದರೆ ಅವರು ಮಲಗಿಯೇ ಇರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಅದು ಮಂಗಳವಾರ, 11ನೇ ತಾರೀಖು. ಸುದ್ದಿಯಲ್ಲಿ ಒಂದು ದಿನ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ದಿನ ಇರಬಾರದು. "ಮಂಗಳವಾರ ನಸುಕಿನ 1.40ಕ್ಕೆ" ಎಂದು ಬರೆದರೆ ಗೊಂದಲ ಮುಗಿಯಿತು.

ವಯಸ್ಸನ್ನು ಹೇಗೆ ಖಚಿತ ಮಾಡಿಕೊಳ್ಳುವುದು? ಆಧಾರ್ ನೋಡಿದರೆ ಸಾಕಾ?

ಆಧಾರ್ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ನಮ್ಮಲ್ಲಿ ಹಿರಿಯರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1 ಅಂತಲೋ ಜನವರಿ 1 ಅಂತಲೋ ಇರುವುದು ಬಹಳ ಸಾಮಾನ್ಯ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದ ದಿನ ಅದು. ಮನೆಯವರಿಗೆ ನಿಜವಾದ ವಯಸ್ಸು ಬೇರೆ ಅಂತ ಗೊತ್ತಿದ್ದರೆ ಯಾವುದನ್ನು ಹಾಕಬೇಕು ಎಂದು ಅವರೇ ಒಟ್ಟಿಗೆ ನಿರ್ಧರಿಸಲಿ. ಪತ್ರಿಕೆಗೂ ವಾಟ್ಸ್‌ಆ್ಯಪ್‌ಗೂ ಬೇರೆ ಬೇರೆ ಸಂಖ್ಯೆ ಹೋಗದಿದ್ದರೆ ಸಾಕು.

ಇಲ್ಲಿ ಏನಾಗಿತ್ತು ನೋಡಿ. ದಾಖಲೆಯಲ್ಲಿ ಹುಟ್ಟಿದ್ದು 1942ರ ಜೂನ್ 1. ನವೆಂಬರ್ 2025ಕ್ಕೆ 83 ತುಂಬಿದೆ, 84 ನಡೆಯುತ್ತಿದೆ. "84ನೇ ವಯಸ್ಸಿನಲ್ಲಿ" ಅಂದರೆ ಸರಿ. ಹೆಸರಿನ ಮುಂದೆ ಆವರಣದಲ್ಲಿ ಹಾಕುವಾಗ ತುಂಬಿದ ವಯಸ್ಸು ಹಾಕುವುದು ರೂಢಿ. ಆದ್ದರಿಂದ 83.

ಅದೇ ಲೆಕ್ಕದಿಂದ "40 ವರ್ಷ ಸೇವೆ"ಯನ್ನೂ ತೂಗಿ ನೋಡಬಹುದು. ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 2008ರಲ್ಲಿ. 1942ರಲ್ಲಿ ಹುಟ್ಟಿದವರು 58ಕ್ಕೇ, ಅಂದರೆ 2000ದಲ್ಲೇ ನಿವೃತ್ತರಾಗಿರಬೇಕು. 40 ವರ್ಷ ಸೇವೆ ಆಗಬೇಕಾದರೆ 18ನೇ ವಯಸ್ಸಿಗೇ ಕೆಲಸಕ್ಕೆ ಸೇರಿರಬೇಕು. ಮಗನನ್ನು ಕೇಳಿದೆ. "ಇಲ್ಲ ಸಾರ್, ಅಮ್ಮ ಮದುವೆಯಾದ ಮೇಲೆ ಸೇರಿದ್ದು" ಅಂದರು. ಪೆನ್ಷನ್ ಪುಸ್ತಕ ತೆಗೆಸಿ ನೋಡಿದರೆ ಸೇರಿದ್ದು 1964ರಲ್ಲಿ. ಸೇವೆ 36 ವರ್ಷ. ಯಾರೂ ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ಮಾತಾಡುವಾಗ "ನಲವತ್ತು ವರ್ಷ ಪಾಠ ಮಾಡಿದೋಳು" ಅನ್ನುವುದು ಅಭ್ಯಾಸವಾಗಿತ್ತು, ಅದೇ ಬರಹಕ್ಕೆ ಇಳಿದಿತ್ತು. ಜೊತೆಗೆ ಕೆಲಸ ಮಾಡಿದ ಶಿಕ್ಷಕರು ಇದನ್ನು ಓದುತ್ತಾರೆ. ಅವರಿಗೆ ನಿಜ ಗೊತ್ತಿರುತ್ತದೆ.

ಮಕ್ಕಳ ಹೆಸರು ಹಾಕಬೇಕಾ, ಬರೀ ಸಂಖ್ಯೆ ಸಾಕಾ?

ನಾನು ಅತಿ ಹೆಚ್ಚು ಹೊತ್ತು ಕೊಡುವುದು ಈ ಸಾಲಿಗೆ. ಮನೆಮನೆಯಲ್ಲಿ ಮನಸ್ಸು ಒಡೆಯುವುದು ಇಲ್ಲೇ.

ಕರಡಿನಲ್ಲಿ "ಇಬ್ಬರು ಗಂಡುಮಕ್ಕಳು" ಅಂತಿತ್ತು. ಹೆಣ್ಣುಮಕ್ಕಳು ಇಲ್ವಾ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಒಬ್ಬಳು ತಂಗಿ ಇದ್ದಾಳೆ ಸಾರ್, ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ದೊಡ್ಡಕ್ಕ ಆರು ವರ್ಷದ ಹಿಂದೆ ತೀರಿಕೊಂಡರು" ಅಂದರು. ಕೊನೆಯ ಎರಡು ತಿಂಗಳು ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಮಲಗಿದ್ದವಳು ಆ ತಂಗಿಯೇ. ಅವಳ ಹೆಸರಿಲ್ಲದ ಸುದ್ದಿ ಅವಳ ಫೋನಿಗೇ ಬರುವುದರಲ್ಲಿತ್ತು. ಅಣ್ಣಂದಿರು ಬೇಕೆಂದು ಬಿಟ್ಟದ್ದಲ್ಲ. ಅದಕ್ಕೆ ಮೊದಲು ಬಂದ ಯಾವುದೋ ಮನೆಯ ಮೆಸೇಜನ್ನು ತಿದ್ದಿ ಬರೆದಿದ್ದರು. ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳಷ್ಟೇ ಇದ್ದರು. "ಸೊಸೆಯಂದಿರು" ಉಳಿದಿತ್ತು, "ಅಳಿಯ" ಇರಲಿಲ್ಲ.

ಹಾಗಾಗಿ ಒಂದು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬರೆಯಿರಿ. ಗಂಡ ಅಥವಾ ಹೆಂಡತಿ, ಮಕ್ಕಳು ಹುಟ್ಟಿದ ಕ್ರಮದಲ್ಲಿ, ಅವರವರ ಸಂಗಾತಿ, ಮೊಮ್ಮಕ್ಕಳು. ಯಾರು ಇದ್ದಾರೆ, ಯಾರು ಇಲ್ಲ ಎಂದು ಗುರುತು ಹಾಕಿ. ಆಮೇಲೆ ಕರಡಿನ ಜೊತೆ ಹೋಲಿಸಿ. ಐದು ನಿಮಿಷದ ಕೆಲಸ. ತೀರಿಹೋದ ಮಗಳು "ಅಗಲಿದ್ದಾರೆ" ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಅವಳ ಗಂಡ ಅಳಿಯನಾಗಿಯೇ ಉಳಿಯುತ್ತಾನೆ, ಅವಳ ಮಕ್ಕಳು ಮೊಮ್ಮಕ್ಕಳಾಗಿಯೇ ಉಳಿಯುತ್ತಾರೆ. "ದಿ. ……… ಸೇರಿದಂತೆ" ಎಂದು ಅವಳ ಹೆಸರನ್ನೂ ಹೇಳಬೇಕೆಂದು ಮನೆಯವರು ಬಯಸಿದರೆ ಅದಕ್ಕೂ ದಾರಿಯಿದೆ: "ಪುತ್ರಿಯರಾದ ದಿ. ………, ………" ಎಂದು ಕುಟುಂಬದ ಪರಿಚಯದ ಸಾಲಿನಲ್ಲಿ ಬರೆಯಬಹುದು.

ಹೆಸರು ಹಾಕುವುದಾದರೆ ಎಲ್ಲರದ್ದೂ ಹಾಕಿ. ಇಲ್ಲವಾದರೆ ಎಲ್ಲರನ್ನೂ ಸಂಖ್ಯೆಯಲ್ಲೇ ಹೇಳಿ. ಇಬ್ಬರ ಹೆಸರು ಹಾಕಿ ಮೂರನೆಯವರನ್ನು "ಹಾಗೂ ಒಬ್ಬ ಪುತ್ರಿ" ಅನ್ನಬೇಡಿ. ಮನೆಯಲ್ಲಿ ದೂರವಾದವರು, ಬೇರೆ ಮದುವೆಯಾದವರು ಇದ್ದರೆ ಸಂಖ್ಯೆಯ ದಾರಿಯೇ ವಾಸಿ.

ಹೆಸರಿನ ಹಿಂದೆ "ಶ್ರೀಮತಿ", "ಸೌ.", "ದಿ." ಯಾವುದು ಯಾವಾಗ?

"ದಿ." ಅಂದರೆ ದಿವಂಗತ. ಮೊದಲೇ ತೀರಿಕೊಂಡವರ ಹೆಸರಿನ ಹಿಂದೆ ಅದು ಇರಲೇಬೇಕು. ಈ ತಾಯಿಯ ಪತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಹೆಸರೇ ಕರಡಿನಲ್ಲಿರಲಿಲ್ಲ. ಊರಿನಲ್ಲಿ ಅವರನ್ನು ಗುರುತಿಸುವುದೇ ಪತಿಯ ಹೆಸರಿನಿಂದ. ಹಾಗಾಗಿ "ದಿ. ……… ಅವರ ಪತ್ನಿ" ಎಂದು ಸೇರಿಸಿದೆವು. ಎಲ್ಲೋ ಅಂಟಿಸಿದ ಸಾಲಿನಿಂದ "ದಿ." ಬದುಕಿರುವವರ ಹೆಸರಿಗೆ ಹತ್ತಿಕೊಂಡದ್ದನ್ನೂ ನೋಡಿದ್ದೇನೆ. ಕಳಿಸುವ ಮೊದಲು ಕರಡಿನ ಒಂದೊಂದು "ದಿ."ಯನ್ನೂ ಬೇರೆಯಾಗಿ ಎಣಿಸಿ ನೋಡಿ.

"ಸೌ." ಅಂದರೆ ಸೌಭಾಗ್ಯವತಿ, ಪತಿ ಇರುವ ಹೆಣ್ಣುಮಗಳಿಗೆ ಮದುವೆ ಕಾಗದದಲ್ಲಿ ಬಳಸುವ ಮಾತು. ಇಲ್ಲಿ ಅದು ತಪ್ಪಾಗಿ ಬಂದಿತ್ತು, ನೋಡಿದವರಿಗೆ ಚುಚ್ಚುತ್ತದೆ. "ಶ್ರೀಮತಿ" ಎಲ್ಲ ಸಂದರ್ಭಕ್ಕೂ ಸರಿಹೋಗುತ್ತದೆ.

ಇನ್ನು ಕರೆಯುವ ಹೆಸರು. ದಾಖಲೆಯ ಹೆಸರು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಊರಿಗೆಲ್ಲ ಅವರು ಯಾವ ಹೆಸರಿನಿಂದ ಗೊತ್ತಿದ್ದರೋ ಅದನ್ನೂ ಪಕ್ಕದಲ್ಲಿ ಬರೆಯಿರಿ. ಇತ್ತೀಚಿನ, ಮುಖ ಸ್ಪಷ್ಟವಾಗಿರುವ ಫೋಟೊ ಹಾಕಿ. ಆಸ್ಪತ್ರೆಯ ಹಾಸಿಗೆಯ ಮೇಲಿನ ಫೋಟೊ ಬೇಡ.

ಸಾವಿನ ಕಾರಣ ಬರೆಯಲೇಬೇಕಾ?

ಬೇಡ. ಯಾವ ನಿಯಮವೂ ಹಾಗೆ ಹೇಳುವುದಿಲ್ಲ. ಬರೆಯುವುದಾದರೆ ಆಸ್ಪತ್ರೆ ಕೊಟ್ಟ ಕಾಗದದಲ್ಲಿ ಏನಿದೆಯೋ ಅದಕ್ಕೆ ಹೊಂದಬೇಕು. "ಹೃದಯಾಘಾತ" ಅನ್ನುವುದು ನಮ್ಮಲ್ಲಿ ಎಲ್ಲ ಸಾವಿಗೂ ಬರುವ ಮಾತಾಗಿಬಿಟ್ಟಿದೆ. ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ, ಅದು ಹೃದಯಾಘಾತ ಅಲ್ಲ. ಈ ತಾಯಿಗೆ ಕಿಡ್ನಿ ತೊಂದರೆ ಇತ್ತು, ಕೊನೆಗೆ ನ್ಯುಮೋನಿಯಾ ಆಗಿತ್ತು. "ಕೆಲಕಾಲದ ಅನಾರೋಗ್ಯದಿಂದ" ಎಂದು ಬರೆದೆವು, ಅಷ್ಟು ಸಾಕಾಯಿತು. "ಅಕಾಲಿಕ" ತೆಗೆದೆವು. 83 ವರ್ಷ ಬಾಳಿದವರಿಗೆ ಆ ಮಾತು ಹೊಂದುವುದಿಲ್ಲ. ಅದು ಚಿಕ್ಕ ವಯಸ್ಸಿನಲ್ಲಿ ಹೋದವರಿಗೆ ಇರುವ ಮಾತು.

ಆತ್ಮಹತ್ಯೆ, ಅಪಘಾತ, ಅನುಮಾನ ಇರುವ ಸಾವುಗಳಲ್ಲಿ "ನಿಧನರಾದರು" ಎನ್ನುವಲ್ಲಿಗೆ ನಿಲ್ಲಿಸಿ. ಹೇಗೆ, ಎಲ್ಲಿ ಎನ್ನುವ ವಿವರ ಸುತಾರಾಂ ಬೇಡ. ಪೊಲೀಸರು ಮಹಜರು ಮಾಡಿ ಮರಣೋತ್ತರ ಪರೀಕ್ಷೆ ಆಗಬೇಕಿದ್ದರೆ ದೇಹ ಕೈಗೆ ಸಿಗುವವರೆಗೆ ಅಂತ್ಯಕ್ರಿಯೆಯ ಗಂಟೆಯನ್ನೂ ಬರೆಯಬೇಡಿ. "ಸಮಯವನ್ನು ನಂತರ ತಿಳಿಸಲಾಗುವುದು" ಎಂದು ಬರೆದು ಸುಮ್ಮನಿರುವುದು ಒಳ್ಳೆಯದು. ಶವಾಗಾರದ ಮುಂದೆ ಗಂಟೆಗಟ್ಟಲೆ ಕಾಯುವುದು ಹೇಗಿರುತ್ತದೆ ಎಂದು ಒಮ್ಮೆ ನಿಂತವರಿಗೆ ಗೊತ್ತು.

"ನಿಧನರಾದರು", "ಲಿಂಗೈಕ್ಯರಾದರು", "ವೈಕುಂಠವಾಸಿಯಾದರು": ಯಾವುದು ಸರಿ?

ಮನೆಯ ಪದ್ಧತಿ ಯಾವುದೋ ಅದು ಸರಿ. ಲಿಂಗಾಯತರಲ್ಲಿ ಲಿಂಗೈಕ್ಯ, ಶಿವೈಕ್ಯ ಅನ್ನುತ್ತಾರೆ. ವೈಷ್ಣವ ಮನೆಗಳಲ್ಲಿ ವೈಕುಂಠವಾಸಿ, ಹರಿಪಾದ ಸೇರಿದರು ಅನ್ನುವುದುಂಟು. ಅನುಮಾನವಿದ್ದರೆ "ನಿಧನರಾದರು". ಅದು ಎಲ್ಲ ಮನೆಗೂ ಸಲ್ಲುತ್ತದೆ, ಯಾರಿಗೂ ನೋವಾಗುವುದಿಲ್ಲ. "ಮರಣ ಹೊಂದಿರುತ್ತಾರೆ" ಅನ್ನುವುದು ಠಾಣೆಯ ಕಾಗದದ ಭಾಷೆ, ಅದನ್ನು ಬಿಡಿ. "ಇವರು" ಬದಲು "ಅವರು" ಬರೆಯಿರಿ.

"ದಹನ" ಅನ್ನುವ ಪದದ ಬಗ್ಗೆ ಎಚ್ಚರ ಇರಲಿ. ಹೂಳುವ ಪದ್ಧತಿ ಇರುವ ಮನೆಗಳು ನಮ್ಮಲ್ಲಿ ಬಹಳ. "ಅಂತ್ಯಕ್ರಿಯೆ", "ಅಂತ್ಯಸಂಸ್ಕಾರ" ಎರಡಕ್ಕೂ ಸರಿಹೋಗುತ್ತದೆ. ಮುಸ್ಲಿಂ ಮನೆಯದಾದರೆ ಜನಾಜಾ ನಮಾಜ್ ಯಾವ ಮಸೀದಿಯಲ್ಲಿ, ಯಾವ ಹೊತ್ತಿನ ನಮಾಜಿನ ನಂತರ, ದಫನ್ ಯಾವ ಖಬರಸ್ತಾನದಲ್ಲಿ ಎನ್ನುವುದು ಇರಬೇಕು. ಕ್ರೈಸ್ತರ ಮನೆಯದಾದರೆ ಮನೆಯಿಂದ ಹೊರಡುವ ಸಮಯ, ಚರ್ಚಿನ ಪೂಜೆಯ ಸಮಯ, ಸಮಾಧಿಯ ಜಾಗ ಮೂರೂ ಬೇಕು.

ಧಾಟಿಯಲ್ಲಿ ಇನ್ನೊಂದು ಮುಖ್ಯ ಸಂಗತಿ: ಮದುವೆ ಕಾಗದದ ಮಾತುಗಳು ನಮಗೆ ಗೊತ್ತಿಲ್ಲದೇ ನುಸುಳುತ್ತವೆ. "ಸಕುಟುಂಬ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ" ಅಂಥದ್ದು. "ಸುಖಾಗಮನ ಬಯಸುವ" ಅಂತ ಕೆಳಗೆ ಅಚ್ಚಾಗಿದ್ದ ಉತ್ತರಕ್ರಿಯೆಯ ಕಾರ್ಡನ್ನೂ ಕಂಡಿದ್ದೇನೆ. ಅಂತ್ಯಕ್ರಿಯೆಗೆ ನಾವು ಕರೆಯುವುದಿಲ್ಲ, ತಿಳಿಸುತ್ತೇವೆ. ಬರುವವರು ತಾವಾಗಿಯೇ ಬರುತ್ತಾರೆ. "ಎಂದು ತಿಳಿಸಲು ವಿಷಾದಿಸುತ್ತೇವೆ" ಎಂದರೆ ಮುಗಿಯಿತು.

ಅಂತ್ಯಕ್ರಿಯೆಯ ವಿವರ ಪೂರ್ತಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ದೇಹ ಎಲ್ಲೆಲ್ಲಿಗೆ ಹೋಗುತ್ತದೋ ಆ ದಾರಿಯನ್ನು ಅದೇ ಕ್ರಮದಲ್ಲಿ ಬರೆಯಿರಿ. ಆಸ್ಪತ್ರೆ, ಮನೆ, ಅಂತಿಮ ದರ್ಶನದ ಜಾಗ, ಅಂತ್ಯಕ್ರಿಯೆಯ ಜಾಗ. ಪ್ರತಿಯೊಂದರ ಮುಂದೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಹಾಕಿ. ತಡವಾಗಿ ಬಂದವರು ಇದನ್ನು ನೋಡಿ ನೇರವಾಗಿ ಮುಂದಿನ ಜಾಗಕ್ಕೆ ಹೋಗಬಹುದು.

ದರ್ಶನದ ಜಾಗ, ಅಂತ್ಯಕ್ರಿಯೆಯ ಜಾಗ ಬೇರೆ ಬೇರೆ ಎನ್ನುವುದು ಎದ್ದು ಕಾಣಬೇಕು. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದಾಗ ಸಾರ್ವಜನಿಕ ದರ್ಶನ ನಡೆದದ್ದು ಕಂಠೀರವ ಕ್ರೀಡಾಂಗಣದಲ್ಲಿ. ಅಕ್ಟೋಬರ್ 31ರಂದು ಅಂತ್ಯಕ್ರಿಯೆ ನಡೆದದ್ದು ಕಂಠೀರವ ಸ್ಟುಡಿಯೋದಲ್ಲಿ. ಒಂದು ನಗರದ ನಡುವೆ ಇದೆ, ಇನ್ನೊಂದು ನಂದಿನಿ ಲೇಔಟ್ ಕಡೆ. ಬರೀ "ಕಂಠೀರವ" ಅಂದರೆ ಹೊರಗಿನಿಂದ ಬಂದವರಿಗೆ ಯಾವುದೆಂದು ಗೊತ್ತಾಗುವುದಿಲ್ಲ. ದೊಡ್ಡವರ ವಿಷಯದಲ್ಲಿ ಟಿವಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಈ ಮೆಸೇಜೇ ಹೇಳಬೇಕು.

ಈಗ "ಸ್ವಗ್ರಾಮ" ನೋಡೋಣ. ಮದುವೆಯಾದ ಹೆಣ್ಣುಮಗಳ ಸ್ವಗ್ರಾಮ ಯಾವುದು? ತವರೋ, ಗಂಡನ ಊರೋ? ತವರಿನ ಕಡೆಯವರು ಒಂದು ಊರು ಅಂದುಕೊಳ್ಳುತ್ತಾರೆ, ಗಂಡನ ಕಡೆಯವರು ಇನ್ನೊಂದು. ಈ ಮನೆಯಲ್ಲಿ ಅದು ಗಂಡನ ಊರು, ತಿಪಟೂರು ತಾಲ್ಲೂಕಿನ ಒಂದು ಹೊಸಹಳ್ಳಿ. ಹೊಸಹಳ್ಳಿ ಅನ್ನುವ ಊರು ಕರ್ನಾಟಕದಲ್ಲಿ ಎಷ್ಟೋ ಇವೆ. ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಹಾಕಿ. ಹತ್ತಿರದ ಬಸ್ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ದೂರ ಎಂದು ಒಂದು ಸಾಲು ಬರೆಯಿರಿ. ಗೂಗಲ್ ಮ್ಯಾಪ್ ಲಿಂಕ್ ಕಳಿಸುವುದಾದರೆ ಅಲ್ಲೇ ನಿಂತವರಿಂದ ತರಿಸಿಕೊಳ್ಳಿ. ತೋಟದಲ್ಲಿ ಅಂತ್ಯಕ್ರಿಯೆ ಆದರೆ ಊರಿನ ಪಿನ್ ಹಾಕಿದರೆ ಸಾಲದು.

ನಗರದಲ್ಲಿ ವಿದ್ಯುತ್ ಚಿತಾಗಾರ ಆದರೆ ಬಡಾವಣೆಯ ಹೆಸರು ಸಮೇತ ಬರೆಯಿರಿ. ಬೆಂಗಳೂರಿನಲ್ಲಿ ಬನಶಂಕರಿ, ವಿಲ್ಸನ್ ಗಾರ್ಡನ್, ಹೆಬ್ಬಾಳ ಹೀಗೆ ಹಲವು ಕಡೆ ಇವೆ. ಅಲ್ಲಿ ಸಿಕ್ಕಿರುವ ಸಮಯ ಒಂದು, ಮನೆಯಿಂದ ಹೊರಡುವ ಸಮಯ ಇನ್ನೊಂದು. ಎರಡೂ ಬೇಕು. ಚಿತಾಗಾರದ ಸಮಯ ಖಚಿತವಾದ ಮೇಲೆಯೇ ಬರೆಯಿರಿ.

"ಮಧ್ಯಾಹ್ನ" ಅನ್ನುವುದು ಹನ್ನೆರಡೂ ಹೌದು, ಮೂರೂವರೆಯೂ ಹೌದು. ಗಂಟೆ ಬರೆಯಿರಿ. ಈ ಮನೆಯವರು ಇರುವುದು ತುಮಕೂರಿನಲ್ಲಿ, ಅಲ್ಲಿಂದ ಹೊಸಹಳ್ಳಿಗೆ ಸುಮಾರು ಎರಡು ಗಂಟೆಯ ದಾರಿ. ಮನೆಯಿಂದ 10ಕ್ಕೆ ಹೊರಟರೆ ಊರು ಸೇರುವುದು 12ಕ್ಕೆ. ಅಲ್ಲಿ ಊರಿನವರ ದರ್ಶನಕ್ಕೆ ಬಿಡುವು ಬೇಕು. ಹಾಗಾಗಿ 3 ಗಂಟೆ ಎಂದು ನಿಗದಿ ಮಾಡಿದರು.

ವಿದೇಶದಿಂದ ಮಗ ಅಥವಾ ಮಗಳು ಬರಬೇಕಿದ್ದರೆ ವಿಮಾನದ ಟಿಕೆಟ್ ಕೈಗೆ ಬರುವ ಮೊದಲು ಸಮಯ ಪ್ರಕಟಿಸಬೇಡಿ. ದೂರದಲ್ಲಿರುವವರಿಗಾಗಿ ವಿಡಿಯೋ ಲಿಂಕ್ ಕೊಡುವುದಾದರೆ "ಭಾರತೀಯ ಕಾಲಮಾನ" ಎಂದು ಸೇರಿಸಿ. ಕಣ್ಣುದಾನ, ದೇಹದಾನ ಆಗಿದ್ದರೆ ಸ್ಪಷ್ಟವಾಗಿ ಹೇಳಿ. ದೇಹದಾನ ಮಾಡಿದ್ದರೆ ಅಂತ್ಯಕ್ರಿಯೆ ಇರುವುದಿಲ್ಲ, ದರ್ಶನದ ಸಮಯವಷ್ಟೇ ಇರುತ್ತದೆ. ಜನ ಸ್ಮಶಾನ ಹುಡುಕಿಕೊಂಡು ಹೋಗಬಾರದು.

ಹನ್ನೊಂದನೇ ದಿನದ ತಾರೀಖು ಎಣಿಸುವುದು ಹೇಗೆ?

ಇದರಲ್ಲಿ ತಪ್ಪು ಜಾಸ್ತಿ. ತೀರಿಕೊಂಡ ತಾರೀಖಿಗೆ 11 ಕೂಡಿಸಿಬಿಡುತ್ತಾರೆ. ಈ ಮನೆಯವರೂ 11ಕ್ಕೆ 11 ಸೇರಿಸಿ 22, ಶನಿವಾರ ಎಂದಿದ್ದರು. ಆದರೆ ತೀರಿಕೊಂಡ ದಿನವೇ ಮೊದಲನೇ ದಿನ. 11ನ್ನು ಒಂದು ಎಂದು ಎಣಿಸಿದರೆ ಹನ್ನೊಂದನೇ ದಿನ 21, ಶುಕ್ರವಾರ ಬರುತ್ತದೆ.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿತ್ತು. ಪಂಚಾಂಗದ ಪ್ರಕಾರ ದಿನ ಶುರುವಾಗುವುದು ಸೂರ್ಯೋದಯಕ್ಕೆ. ನಸುಕಿನ 1.40 ಅಂದರೆ ಆ ಲೆಕ್ಕದಲ್ಲಿ ಇನ್ನೂ ಸೋಮವಾರ. ಹಾಗೆ ಎಣಿಸಿದರೆ 20, ಗುರುವಾರ. ಕೆಲವು ಮನೆಗಳಲ್ಲಿ ಸಂಸ್ಕಾರ ಆದ ದಿನದಿಂದ ಎಣಿಸುತ್ತಾರೆ. ನಾವು ಎಣಿಸಿ ತೀರ್ಮಾನ ಮಾಡುವ ವಿಷಯ ಇದಲ್ಲ. ಕ್ರಿಯೆ ಮಾಡಿಸುವವರನ್ನು ಕೇಳಿ, ಅವರು ಹೇಳಿದ ತಾರೀಖು ಹಾಕಿ. ಇವರ ಮನೆಯಲ್ಲಿ ಕೊನೆಗೆ 21 ಎಂದು ಗೊತ್ತಾಯಿತು. ಮೊದಲ ಮೆಸೇಜಿನಲ್ಲಿ ಆ ತಾರೀಖು ಹಾಕಲೇ ಇಲ್ಲ. ಮೂರು ದಿನ ಬಿಟ್ಟು, ಛತ್ರವೂ ಖಚಿತವಾದ ಮೇಲೆ ಬೇರೆಯಾಗಿ ತಿಳಿಸಿದರು.

ಕಾರ್ಯದ ಹೆಸರನ್ನೂ ಮನೆಯ ಪದ್ಧತಿಯಂತೆ ಬರೆಯಿರಿ. ಹಳೆ ಮೈಸೂರಿನ ಕಡೆ ಮೂರನೇ ದಿನ ಹಾಲು ತುಪ್ಪ ಅನ್ನುತ್ತಾರೆ. ಲಿಂಗಾಯತರಲ್ಲಿ ಶಿವಗಣಾರಾಧನೆ, ವೈಷ್ಣವರಲ್ಲಿ ವೈಕುಂಠ ಸಮಾರಾಧನೆ, ಕರಾವಳಿಯಲ್ಲಿ ಬೊಜ್ಜ. ಬೇರೆ ಮನೆಯ ಕಾರ್ಡು ನೋಡಿ ಬರೆದಾಗ ಈ ಹೆಸರೇ ಮೊದಲು ತಪ್ಪುತ್ತದೆ.

ಯಾರ ಫೋನ್ ನಂಬರ್ ಕೊಡಬೇಕು?

ಕ್ರಿಯೆಗೆ ಕೂರುವ ಮಗನದ್ದು ಬೇಡ, ಅವರಿಗೆ ಫೋನ್ ಎತ್ತಲು ಆಗುವುದಿಲ್ಲ. ಪತಿ ಅಥವಾ ಪತ್ನಿಯದ್ದೂ ಬೇಡ. ದಾರಿ ಹೇಳಬಲ್ಲ ಇಬ್ಬರ ನಂಬರ್ ಕೊಡಿ, ಒಬ್ಬರು ಮನೆಯ ಹತ್ತಿರ, ಒಬ್ಬರು ಊರಿನಲ್ಲಿ ಇರುವವರು. ಕೊಡುವ ಮೊದಲು ಅವರನ್ನು ಕೇಳಿ. ಆ ನಂಬರಿಗೆ ಒಮ್ಮೆ ನೀವೇ ಫೋನ್ ಮಾಡಿ ನೋಡಿ, ಒಂದು ಅಂಕಿ ತಪ್ಪಿದ್ದರೂ ಗೊತ್ತಾಗುತ್ತದೆ. ಹುಟ್ಟಿದ ಪೂರ್ತಿ ದಿನಾಂಕ, ಬ್ಯಾಂಕ್ ಖಾತೆಯ ವಿವರ ಇಂಥವು ಸುದ್ದಿಯಲ್ಲಿ ಇರಬಾರದು. ಎಲ್ಲರೂ ಊರಿಗೆ ಹೊರಟರೆ ತುಮಕೂರಿನ ಮನೆ ಖಾಲಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಒಬ್ಬರು ಅಲ್ಲಿ ಉಳಿಯಲಿ.

ತಿದ್ದಿದ ಮೇಲೆ ಆ ಕರಡು ಹೇಗಾಯಿತು?

> ನಿವೃತ್ತ ಶಿಕ್ಷಕಿ ಶ್ರೀಮತಿ ……… (83) ಅವರು ಕೆಲಕಾಲದ ಅನಾರೋಗ್ಯದಿಂದ 2025ರ ನವೆಂಬರ್ 11, ಮಂಗಳವಾರ ನಸುಕಿನ 1.40ಕ್ಕೆ ತುಮಕೂರಿನಲ್ಲಿ ನಿಧನರಾದರು ಎಂದು ತಿಳಿಸಲು ವಿಷಾದಿಸುತ್ತೇವೆ. ಅವರು ದಿ. ……… ಅವರ ಪತ್ನಿ. 36 ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದ್ದರು. ಪುತ್ರರಾದ ………, ………, ಪುತ್ರಿ ………, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳನ್ನು ಅಗಲಿದ್ದಾರೆ.
>
> ಅಂತಿಮ ದರ್ಶನ: ನ. 11, ಮಂಗಳವಾರ ಬೆಳಿಗ್ಗೆ 7ರಿಂದ 10ರವರೆಗೆ, ತುಮಕೂರಿನ ……… ಬಡಾವಣೆಯ ಮನೆಯಲ್ಲಿ. ಮಧ್ಯಾಹ್ನ 12ರಿಂದ ಹೊಸಹಳ್ಳಿಯ ಮನೆಯಲ್ಲಿ.
>
> ಅಂತ್ಯಕ್ರಿಯೆ: ಅದೇ ದಿನ ಮಧ್ಯಾಹ್ನ 3ಕ್ಕೆ, ತಿಪಟೂರು ತಾಲ್ಲೂಕು, ……… ಹೋಬಳಿ, ಹೊಸಹಳ್ಳಿಯ ಕುಟುಂಬದ ತೋಟದಲ್ಲಿ.
>
> ದಾರಿ ತಿಳಿಯಲು: ತುಮಕೂರು ………, ಹೊಸಹಳ್ಳಿ ………

"ಅಪಾರ ಬಂಧುಬಳಗ" ಬಿಟ್ಟದ್ದು ನನ್ನ ಇಷ್ಟ. ಇಟ್ಟರೂ ತಪ್ಪೇನಿಲ್ಲ.

ಕಳಿಸಿದ ಮೇಲೆ ತಪ್ಪು ಗೊತ್ತಾದರೆ?

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು 15 ನಿಮಿಷವಷ್ಟೇ ಅವಕಾಶ. ತಿದ್ದಿದರೂ ಅಷ್ಟರಲ್ಲಿ ಫಾರ್ವರ್ಡ್ ಆಗಿಹೋದ ಪ್ರತಿಗಳು ಬದಲಾಗುವುದಿಲ್ಲ. ಆದ್ದರಿಂದ ಹಳೆಯದನ್ನು ಅಳಿಸಿ, ಹೊಸದನ್ನು ಪೂರ್ತಿಯಾಗಿ ಕಳಿಸಿ. ಮೊದಲ ಸಾಲಿನಲ್ಲೇ ಬರೆಯಿರಿ: "ತಿದ್ದುಪಡಿ: ಅಂತ್ಯಕ್ರಿಯೆಯ ಸಮಯ 12 ಅಲ್ಲ, 3 ಗಂಟೆ." ಏನು ಬದಲಾಯಿತು ಎಂದು ಹೇಳದಿದ್ದರೆ ಎರಡು ಮೆಸೇಜು ನೋಡಿದವರಿಗೆ ಯಾವುದು ಸರಿ ಎಂದು ತಿಳಿಯುವುದಿಲ್ಲ. ಪತ್ರಿಕೆಗೆ ಕೊಟ್ಟದ್ದಾದರೆ ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಕೇಳಿ ನೋಡಿ.

ಪತ್ರಿಕೆಯಲ್ಲಿ ಬಂದ ಸುದ್ದಿ ಮರಣದ ದಾಖಲೆ ಆಗುತ್ತದಾ?

ಇಲ್ಲ. ಮರಣವನ್ನು 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಮನೆಯವರು. ಅಲ್ಲಿ ಕೊಡುವ ಹೆಸರಿನ ಅಕ್ಷರಗಳು ಆಧಾರ್, ಪೆನ್ಷನ್ ಕಾಗದದ ಜೊತೆ ಹೊಂದಬೇಕು.

ಕಳಿಸುವ ಮುಂಚೆ ಯಾರಿಗೆ ತೋರಿಸಬೇಕು?

ಇಬ್ಬರಿಗೆ. ಮನೆಯವರೆಲ್ಲರ ಹೆಸರು ಬಲ್ಲ ಹತ್ತಿರದವರೊಬ್ಬರು, ಮನೆಯ ದಾರಿಯೇ ಗೊತ್ತಿಲ್ಲದ ಹೊರಗಿನವರೊಬ್ಬರು. ಓದಲು ಕೊಡುವ ಬದಲು ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಕಣ್ಣು ಬಿಟ್ಟುಹೋದದ್ದು ಕಿವಿಗೆ ಸಿಗುತ್ತದೆ.

ಆ ಬೆಳಿಗ್ಗೆ ಅಣ್ಣನ ಫೋನಿನಲ್ಲಿ ತಂಗಿಗೇ ಓದಿ ಹೇಳಿದೆ. ತನ್ನ ಹೆಸರು ಬಂದ ಕಡೆ ಅವರು ಏನೂ ಹೇಳಲಿಲ್ಲ. ಪೂರ್ತಿ ಕೇಳಿದ ಮೇಲೆ ಒಂದು ಮಾತು ಸೇರಿಸಲು ಕೇಳಿದರು. "ಹೊಸಹಳ್ಳಿಯಲ್ಲಿ ಅಮ್ಮನ ಹೆಸರು ಯಾರಿಗೂ ಗೊತ್ತಿಲ್ಲ ಸಾರ್. ಟೀಚರಮ್ಮ ಅಂತ ಹಾಕಿ." ಹೆಸರಿನ ಪಕ್ಕ ಅದನ್ನು ಸೇರಿಸಿ, ಐದೂಕಾಲಿಗೆ ಕಳಿಸಿದೆವು.